ಮಂಚದಣ್ಣನ ಪರಿಚಯ ಬರೆದ ದಿನ

ಕಾರ್ತಿಕ ಮಾಸದ ಒಂದು ಬುಧವಾರ, ಬೆಳಿಗ್ಗೆ ಎಂಟೂವರೆ. ಸ್ಥಳ, ಹಾಸನದಲ್ಲಿ ಆಸ್ಪತ್ರೆಯ ಹಿಂದಿನ ಅಡ್ಡರಸ್ತೆಯ ನಮ್ಮ ಅಂಗಡಿ. ಹಾಜರಿದ್ದವರು ಮೂವರು: ಅಂಗಡಿಯ ಯಜಮಾನರು, ಅವರ ತಂದೆಯ ಕಾಲದಿಂದ ಇಲ್ಲಿ ದುಡಿಯುತ್ತಿರುವ ಮಂಚದಣ್ಣ, ಮತ್ತು ನಾನು.

ವಾರ್ಡಿನಲ್ಲಿ ಡ್ಯೂಟಿ ವಹಿಸಿಕೊಳ್ಳುವಾಗ ಹೀಗೆ ಬರೆದೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನಿವೃತ್ತಿಯಾದ ಮೇಲೂ ಕೈ ಹಾಗೆಯೇ ಓಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು ಈಗ ಈ ಅಂಗಡಿಯಲ್ಲಿ ಕೂರುತ್ತೇನೆ. ರೋಗಿಗಳ ಮಂಚ, ಗಾಲಿಕುರ್ಚಿ, ಗಾಳಿ ತುಂಬುವ ಹಾಸಿಗೆ, ಆಕ್ಸಿಜನ್ ಮೆಷಿನ್ ಇವನ್ನು ತಿಂಗಳ ಬಾಡಿಗೆಗೆ ಮನೆಮನೆಗೆ ಕಳಿಸುವುದು ನಮ್ಮ ವ್ಯವಹಾರ. ಯಾರಿಗೆ ಯಾವುದು ಬೇಕು ಎಂದು ಫೋನಿನಲ್ಲಿ ಕೇಳಿ ತಿಳಿಯುವುದು, ವಾಪಸ್ ಬಂದ ಸಾಮಾನನ್ನು ಔಷಧಿ ನೀರಿನಲ್ಲಿ ಒರೆಸಿದ್ದಾರೆಯೇ ಎಂದು ಬೆರಳಿಟ್ಟು ನೋಡುವುದು ನನ್ನ ಪಾಲು. ಕೊಂಡೊಯ್ಯುವುದು, ಜೋಡಿಸುವುದು, ಕೆಟ್ಟರೆ ಸರಿಮಾಡುವುದು, ಕೊನೆಗೆ ವಾಪಸ್ ತರುವುದು, ಇಷ್ಟೂ ಮಂಚದಣ್ಣನದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕಿನಲ್ಲಿ ಅವರ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಐವತ್ತೈದು ದಾಟಿದ, ಗಿಡ್ಡನೆಯ, ಗಡ್ಡ ಬೋಳಿಸಲು ಬೇಸರಪಡುವ ಮನುಷ್ಯ.

ಆ ಬೆಳಿಗ್ಗೆ ಯಜಮಾನರು ಕೂರಲಿಲ್ಲ. ನಿಂತೇ ಹೇಳಿದರು.

“ಅಣ್ಣಾ, ಒಂದನೇ ತಾರೀಕಿಂದ ಒಬ್ಬ ಹೊಸಬ ಬರ್ತಾನೆ. ಮಂಚ ಕೊಟ್ಟು ಜೋಡಿಸೋದು ಅವನು ನೋಡ್ಕೊಳ್ಳಲಿ. ನೀವು ವಾಪಸ್ ತರೋದು ಮಾತ್ರ ಮಾಡಿ, ಸಾಕು. ಹಗುರಾನೂ ಆಗುತ್ತೆ.”

ಮಂಚದಣ್ಣ ಟವಲ್ಲನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಕಿಕೊಂಡರು. “ಅಂದ್ರೆ ಬರೀ ತೀರ್ಕಂಡೋರ ಮನೆಗೆ.”

“ಹಾಗಲ್ಲ ಅಣ್ಣಾ...”

“ಹಗುರ ಸಾ. ಆಳಿಲ್ಲದ್ ಮಂಚ ಹಗುರಾನೇ.”

ಯಜಮಾನರ ಕಷ್ಟವೂ ನನಗೆ ಗೊತ್ತಿತ್ತು. ಎರಡು ತಿಂಗಳಿಂದ ಇಂಥ ಫೋನುಗಳು ಹೆಚ್ಚಾಗಿದ್ದವು. ‘ನಮ್ಮ ಮಾವ ಹೋದಾಗ ಮಂಚ ಎತ್ಕೊಂಡು ಹೋದೋರೇ ಇವರು. ಈಗ ಅತ್ತೆಗೆ ಮಂಚ ಬೇಕು, ಆದರೆ ಅವರು ಬೇಡ, ಬೇರೆಯವರನ್ನ ಕಳಿಸಿ.’ ಬೇರೆಯವರು ಎಂದರೆ ಯಾರು? ಇರುವವರು ಒಬ್ಬರೇ. ಹೀಗೆ ಎರಡು ಮನೆಯವರು ಬೇರೆ ಅಂಗಡಿಗೆ ಹೋಗಿದ್ದರು. ಜನರ ಭಯ ಹೊಸದೇನಲ್ಲ. ಸತ್ತವರು ಮಲಗಿದ್ದ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳದ ಸೀಮೆ ಇದು. ಅದನ್ನು ಸುತ್ತಿ ಹೊರಗೆ ಒಯ್ದವನ ಮುಖವನ್ನು ಮಾತ್ರ ಹೇಗೆ ಮರೆಯುತ್ತಾರೆ?

ಮನಸ್ಸು ನೋಯಬಾರದೆಂದು ಯಜಮಾನರು ಒಂದು ಉಪಾಯ ಮಾಡಿದ್ದರು. ಅಂಗಡಿಯ ಫೇಸ್‌ಬುಕ್ ಪುಟದಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಂಚದಣ್ಣನ ಪರಿಚಯ ಹಾಕುವುದು. ಬರೆದೂ ಇಟ್ಟಿದ್ದರು. ಓದಿದರು.

“ಸದಾ ಹಸನ್ಮುಖಿ, ಕಾಯಕಯೋಗಿ, ಅಜಾತಶತ್ರು, ನಮ್ಮ ಸಂಸ್ಥೆಯ ಆಧಾರಸ್ತಂಭ, ಸರಳ ಸಜ್ಜನಿಕೆಯ ಸಾಕಾರಮೂರ್ತಿ...”

ಮಂಚದಣ್ಣ ಪೂರ್ತಿ ಕೇಳಿದರು. “ಯಾವಾಗ ಸಾ ತಿಥಿ?”

“ಏನು?”

“ಬಸ್ ಸ್ಟ್ಯಾಂಡಲ್ಲಿ ಕಟ್ತಾರಲ್ಲ, ಹಾರ ಹಾಕ್ದ ಫೋಟೋದ್ ಕೆಳ್ಗೆ, ಇದೇ ಇರ್ತೈತೆ. ನನ್ ಹೆಂಡ್ರು ಇದ್ನ ಓದುದ್ರೆ ಬಳೆ ಒಡ್ಕಂತಾಳೆ.”

ಯಜಮಾನರಿಗೆ ನಗು ಬಂತು, ನುಂಗಿದರು. ಬರೆದದ್ದನ್ನು ನನ್ನ ಮುಂದೆ ಸರಿಸಿದರು. “ನೀವೇ ಬರೀರಿ ಸಿಸ್ಟರ್. ಹತ್ತು ಗಂಟೆ ಒಳಗೆ ಹಾಕ್ಬೇಕು.”

ಹಸನ್ಮುಖಿ ಎಂಬ ಪದವನ್ನು ಮೊದಲು ಹೊಡೆದುಹಾಕಿದೆ. ಮಂಚದಣ್ಣ ನಗುವುದನ್ನು ನಾನು ಕಂಡದ್ದು ಅಪರೂಪ. ಅಜಾತಶತ್ರುವೂ ಅಲ್ಲ. ಪಕ್ಕದ ಗ್ಯಾರೇಜಿನವರ ಹತ್ತಿರ ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ಏನು ಬರೆಯಲಿ ಎಂದು ಅವರನ್ನೇ ಕೇಳಿದೆ.

“ಮಂಚ ತತ್ತೀನಿ, ಮಂಚ ವಾಪಸ್ ತತ್ತೀನಿ. ಇನ್ನೇನೈತೆ ಬರ್ಯಕೆ?” ಎಂದು ಗಾಡಿಯ ಚಕ್ರಕ್ಕೆ ಗಾಳಿ ನೋಡಲು ಹೋದರು.

ಅದನ್ನೇ ಬರೆದೆ. ‘ಮಂಚ ತರುವವರೂ ಇವರೇ, ವಾಪಸ್ ಒಯ್ಯುವವರೂ ಇವರೇ. ಮಾತು ಕಡಿಮೆ. ಗಾಡಿ ನಿಧಾನವಾಗಿ ಓಡಿಸುತ್ತಾರೆ, ಆದ್ದರಿಂದ ಹೇಳಿದ ಹೊತ್ತಿಗಿಂತ ತಡವಾಗುವುದುಂಟು.’ ಇನ್ನೂ ಒಂದೆರಡು ಸಾಲು. ಗಡಿಬಿಡಿಯ ಬರಹ. ಹತ್ತಕ್ಕೆ ಐದು ನಿಮಿಷ ಇರುವಾಗ ಯಜಮಾನರ ಫೋನಿಗೆ ಕಳಿಸಿದೆ. ಹೊರಡುವ ಹೊತ್ತಾಗಿತ್ತು. ಚಿತ್ರ ಯಾವುದು ಹಾಕುತ್ತೀರಿ ಎಂದು ಕೇಳಿದ್ದಕ್ಕೆ, “ನನ್ನ ಹತ್ರ ಒಂದು ಒಳ್ಳೇದಿದೆ, ಕೆಲಸ ಮಾಡ್ತಿರೋದು” ಎಂದರು.

ಅಂದು ಎರಡು ಕಡೆ ಹೋಗುವುದಿತ್ತು. ಮೊದಲು ಹೊಳೆನರಸೀಪುರ. ಅಲ್ಲಿ ಪಾರ್ಶ್ವವಾಯು ಹೊಡೆದು ಮಲಗಿರುವ ಅಜ್ಜಿಯೊಬ್ಬರ ಮಂಚದ ತಲೆಭಾಗ ಮೇಲೇಳುತ್ತಿಲ್ಲ, ಹಿಡಿಕೆ ತಿರುಗುತ್ತಿಲ್ಲ ಎಂದು ಹಿಂದಿನ ಸಂಜೆ ಮಗ ಫೋನು ಮಾಡಿದ್ದರು. ಬೆನ್ನಿನ ಹುಣ್ಣು ಮಾಗಿದೆಯೋ ನೋಡಬೇಕೆಂದು ನಾನೂ ಹೊರಟೆ. ಆಮೇಲೆ ಅರಕಲಗೂಡಿನಿಂದ ಒಂದು ಮಂಚ ವಾಪಸ್.

ಚಕ್ರಕ್ಕೆ ಗಾಳಿ ತುಂಬಿಸಿ ಊರು ಬಿಟ್ಟಾಗ ಹನ್ನೊಂದು ದಾಟಿತ್ತು. ನಮ್ಮದು ಚಿಕ್ಕ ಗೂಡ್ಸ್ ಗಾಡಿ. ಅದರಲ್ಲಿ ಕೂತರೆ ನನ್ನ ಮೊಣಕಾಲು ಹೊಳೆನರಸೀಪುರದವರೆಗೂ ಲೆಕ್ಕ ಹೇಳುತ್ತಾ ಬರುತ್ತದೆ. ಊರು ಇನ್ನೇನು ಬಂತು ಎನ್ನುವಾಗ ಯಜಮಾನರ ಫೋನು.

“ಸಿಸ್ಟರ್, ಎಲ್ಲಿದ್ದೀರಿ? ಆ ಮನೆಗೆ ಹೋಗ್ಬೇಡಿ.”

“ಯಾಕೆ?”

“ಫೋಟೋ... ಅವರ ಮನೆ ಗೇಟಿನ ಮುಂದೆ ತೆಗೆದದ್ದು. ಹೋದ ವಾರ ಗಾಳಿ ಹಾಸಿಗೆ ಹಾಕೋಕೆ ಹೋದಾಗ ನಾನೂ ಬಂದಿದ್ದೆನಲ್ಲ. ಹಳೆ ಹಾಸಿಗೆ ಸುತ್ತಿ ಹೆಗಲ ಮೇಲೆ ಹೊತ್ಕೊಂಡು ಅಣ್ಣ ಹೊರಗೆ ಬರ್ತಿರೋದು. ಬೆಳಕು ಚೆನ್ನಾಗಿತ್ತು ಅಂತ...”

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಹಸಿರು ಗೇಟು, ಅದರ ಪಕ್ಕದ ಸಂಪಿಗೆ ಮರ. ನೆಂಟರಿಗೆಲ್ಲ ಗೊತ್ತಿರುವ ಮನೆ. ಆ ಗೇಟಿನಿಂದ ಸುತ್ತಿದ ಹಾಸಿಗೆ ಹೊತ್ತು ಮಂಚದಣ್ಣ ಬರುತ್ತಿದ್ದಾರೆ. ಕೆಳಗೆ ನನ್ನದೇ ಸಾಲು, ವಾಪಸ್ ಒಯ್ಯುವವರೂ ಇವರೇ.

“ಡಿಲೀಟ್ ಮಾಡಿದ್ದೀನಿ. ಅಷ್ಟರಲ್ಲಿ ಯಾರೋ ಅವರ ಮನೆ ಗುಂಪಿಗೆ ಕಳಿಸ್ಬಿಟ್ಟಿದ್ದಾರೆ. ಮಗ ನನಗೆ ಬಾಯಿಗೆ ಬಂದಂತೆ ಬೈದರು. ನೋಡಿ, ನಾನು ಬೆಳಿಗ್ಗೆ ಹೇಳಿದ್ದು ಇದಕ್ಕೇ. ಅಣ್ಣನ್ನ ಆ ಬೀದಿಗೇ ಕರ್ಕೊಂಡು ಹೋಗ್ಬೇಡಿ.”

ಹಿಡಿಕೆ ತಿರುಗದ ಮಂಚದಲ್ಲಿ ರೋಗಿ ರಾತ್ರಿಯಿಂದ ಮಟ್ಟಸವಾಗಿ ಮಲಗಿದ್ದಾರೆ. ಹಾಗೆ ಮಲಗಿಸಿ ಗಂಜಿ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಹೋಗದೆ ಇರಲು ಆಗುವುದಿಲ್ಲ ಎಂದು ಹೇಳಿ ಫೋನು ಇಟ್ಟೆ. ಮಂಚದಣ್ಣನಿಗೆ ವಿಷಯ ಹೇಳಿದೆ. ಅವರು ಗಾಡಿಯನ್ನು ಇನ್ನೂ ನಿಧಾನ ಮಾಡಿದರು, ಅಷ್ಟೇ.

ಗೇಟಿನ ಮುಂದೆ ಆಗಲೇ ಏಳೆಂಟು ಜನ. ಎಲ್ಲರ ಮುಖದಲ್ಲೂ ಒಂದು ಬಗೆಯ ಪೆಚ್ಚು. ಚನ್ನರಾಯಪಟ್ಟಣದಿಂದ ಬಸ್ಸು ಹಿಡಿದು ಬಂದಿದ್ದ ನೆಂಟರೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ಬಾಯಿಂದ ಸೇವಂತಿಗೆ ಹಾರದ ತುದಿ ಇಣುಕುತ್ತಿತ್ತು. ಅದನ್ನು ಬೆನ್ನ ಹಿಂದೆ ಅಡಗಿಸಿದರೆ ಹಿಂದೆ ನಿಂತವರಿಗೆ ಕಾಣುತ್ತಿತ್ತು, ಮುಂದೆ ತಂದರೆ ಎಲ್ಲರಿಗೂ.

“ಒಳಕ್ಕೆ ತಗಂಡೋಗ್ಬೇಡಿ ಮಾವ ಅದ್ನ,” ಎಂದು ಯಾರೋ ಪಿಸುಗುಟ್ಟಿದರು.

“ನಾನೇನ್ ಒಳಕ್ ತಗಂಡೋಗ್ತೀನಾ? ಇಲ್ಲೇ ನಿಂತಿಲ್ವಾ?”

“ದೇವ್ರಿಗಾದ್ರೂ...”

“ಸತ್ತೋರಿಗ್ ತಂದಿದ್ದು ದೇವ್ರಿಗೆ ಹಾಕ್ತಾರೇನಲೇ?”

ಮಗ ಗೇಟಿಗೆ ಅಡ್ಡ ನಿಂತಿದ್ದರು. ನನ್ನನ್ನು ನೋಡಿ ದಾರಿ ಬಿಟ್ಟರು. ಮಂಚದಣ್ಣನ ಕಡೆ ಬೆರಳು ತೋರಿಸಿದರು. “ಇವನು ಹೊಸ್ತಿಲು ದಾಟೋದು ಬೇಡ. ಬೆಳಿಗ್ಗೆಯಿಂದ ನಲವತ್ತು ಜನ ಫೋನ್ ಮಾಡವ್ರೆ. ನಮ್ ಅಮ್ಮನ ದಿಂಬಿನ ಪಕ್ಕ ಇರೋ ಫೋನಿಗೇ ಮಾಡವ್ರೆ!”

“ಅವರೇ ಎತ್ತಿದರಾ?”

“ಎತ್ತದೆ? ‘ಎಷ್ಟೊತ್ಗೆ ಹೋದ್ರು?’ ಅಂತ ನಮ್ ಚಿಕ್ಕಮ್ಮ ಅಳ್ತಾ ಕೇಳವ್ಳೆ. ಅಮ್ಮ, ‘ನಾನೇ ಕಣೇ ಮಾತಾಡ್ತಿರದು. ಓಗೋ ಹೊತ್ಗೆ ನಿಂಗೆ ಯೋಳೇ ಓಗ್ತೀನಿ’ ಅಂದವ್ರೆ.”

ಯಾರೋ ನಕ್ಕುಬಿಟ್ಟರು. ಮಗನಿಗೆ ಇನ್ನೂ ಸಿಟ್ಟು ಬಂತು.

ನಾನು ಒಳಗೆ ಹೋದೆ. ಅಜ್ಜಿಯ ಬಲಗೈ, ಬಲಗಾಲು ಬಿದ್ದುಹೋಗಿದೆ. ಮಾತು ಸ್ವಲ್ಪ ಎಳೆಯುತ್ತದೆ, ಬುದ್ಧಿ ಮಾತ್ರ ಚೂಪು. ಮಗ್ಗುಲು ತಿರುಗಿಸಿ ಬೆನ್ನು ನೋಡಿದೆ. ಹುಣ್ಣಿನ ಅಂಚು ಗುಲಾಬಿಗೆ ಬಂದಿತ್ತು, ಪರವಾಗಿಲ್ಲ. ಹಿಡಿಕೆ ತಿರುಗಿಸಿ ನೋಡಿದೆ. ಅಲ್ಲಾಡಲಿಲ್ಲ. ನನ್ನ ಮಣಿಕಟ್ಟು ನೋಯಿತು.

“ಅವ್ನೆಲ್ಲಿ?” ಎಂದರು ಅಜ್ಜಿ.

“ಹೊರಗಿದ್ದಾರೆ. ನಿಮ್ಮ ಮಗ ಒಳಗೆ ಬಿಡುತ್ತಿಲ್ಲ.”

ಅಜ್ಜಿ ಎಡಗೈಯಿಂದ ಮಂಚದ ಕಬ್ಬಿಣಕ್ಕೆ ಉಂಗುರ ಬಡಿದರು. ಮಗ ಓಡಿಬಂದರು.

“ಬಿಡ್ಲಾ ಅವ್ನ ಒಳಕ್ಕೆ.”

“ಅಮ್ಮಾ, ಅಪಶಕುನ ಅಂತ...”

“ನಿಮ್ಮಪ್ಪಂಗೆ ಮಂಚ ತಂದೋನು ಯಾರು? ಅವ್ನೇ. ತಂದ್ ಮೇಲೆ ಎರಡು ವರ್ಷ ಇದ್ರು ನಿಮ್ಮಪ್ಪ. ಅದೇನ್ ಶಕುನ ಹಂಗಾದ್ರೆ? ಜನ ಎಲ್ಲಾ ನೋಡಕ್ ಬಂದವ್ರೆ, ನಾನು ಹೆಣದಂಗೆ ಮಲಗಿದ್ರೆ ಯಾರ್ ನಂಬ್ತಾರೆ? ಎದ್ ಕೂರ್ಬೇಕು. ಕರ್ಯಲಾ.”

ಮಗ ಹೊರಗೆ ಹೋಗಿ ಕರೆದರು. ಮಂಚದಣ್ಣ ಚಪ್ಪಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ಬಂದು ಮಂಚದ ಅಡಿಗೆ ತೂರಿದರು. ಒಂದು ನಿಮಿಷ ಬೈದುಕೊಳ್ಳುವ ಸದ್ದು. ತಿರುಪಿಗೆ ಅಜ್ಜಿಯ ಹಳೆ ಸೀರೆಯ ಅಂಚು ಸುತ್ತಿಕೊಂಡಿತ್ತು. ಹಾಸಿಗೆಯ ಮೇಲೆ ಮಡಿಸಿ ಹಾಸಿದ್ದ ಸೀರೆ ಜಾರಿ ಕೆಳಗೆ ಇಳಿದಿದೆ, ಯಾರೋ ನೋಡದೆ ಹಿಡಿಕೆ ತಿರುಗಿಸಿದ್ದಾರೆ. ಬ್ಲೇಡಿನಿಂದ ಕೊಯ್ದು ಎಳೆಎಳೆಯಾಗಿ ತೆಗೆದರು. ಎಣ್ಣೆ ಬಿಟ್ಟರು.

“ಎಷ್ಟ್ ಸಲ ಯೋಳೀನಿ, ಸೀರೆ ಆಸ್ಬೇಡಿ ಅಂತ,” ಎಂದು ಮಂಚದ ಅಡಿಯಿಂದಲೇ ಗದರಿದರು. “ಆಸುದ್ರೆ ನಾಕ್ ಮೂಲೆಗೂ ಕಟ್ಟಿ.”

“ಬೈಯಿ, ಬೈಯಿ,” ಎಂದರು ಅಜ್ಜಿ. “ಬೆಳಗಿಂದ ಎಲ್ಲಾ ಅತ್ಕಂಡೇ ಮಾತಾಡ್ತಾವ್ರೆ. ಒಬ್ರಾದ್ರೂ ಬೈಯೋರ್ ಸಿಕ್ಕುದ್ರು.”

ಹಿಡಿಕೆ ತಿರುಗಿತು. ತಲೆಭಾಗ ಮೆಲ್ಲಗೆ ಮೇಲೆದ್ದಿತು. ಅಜ್ಜಿಯ ಮುಖ ಕಿಟಕಿಯ ಮಟ್ಟಕ್ಕೆ ಬಂದಾಗ ಹೊರಗೆ ನಿಂತವರಲ್ಲಿ ಒಬ್ಬಿಬ್ಬರು ಅರಿವಿಲ್ಲದೆ ಕೈಮುಗಿದರು. ಆ ಮಂಚ ಗೋಡೆಗೆ ತಲೆಕೊಟ್ಟು ಬೀದಿಗೆ ಮುಖ ಮಾಡಿದೆ. ಹಾಗೆ ತಿರುಗಿಸಿ ಹಾಕಿದವರು ಮಂಚದಣ್ಣನೇ. ಮನೆಯವರು ಟಿ.ವಿ. ಕಡೆ ಇರಲಿ ಅಂದಿದ್ದರಂತೆ.

ಅಜ್ಜಿ ನನ್ನನ್ನು ಕೇಳಿದರು. “ಏನ್ ಬರ್ದಿದ್ದೆ ಸಿಸ್ಟರಮ್ಮ ಅಂಥದ್ದು? ಓದು.”

ಓದಿದೆ. ನನ್ನ ಬಾಯಲ್ಲೇ ಅದು ಸಪ್ಪೆಯಾಗಿ ಕೇಳಿಸಿತು.

“ಸುಳ್ಳೇನಿಲ್ಲ. ಆದ್ರೆ ಆಳೇ ಇಲ್ವಲ್ಲ ಅದ್ರಲ್ಲಿ,” ಎಂದರು. “ಮಂಚ ಜೋಡ್ಸಿದ್ ದಿವ್ಸ ಇವ್ನೇ ಮೊದ್ಲು ಅದ್ರ್ ಮೇಲೆ ಮಲಿಕ್ಕಂಡ. ಹಾಸಿಗೆ ಹಾಕೋಕ್ ಮುಂಚೆ, ಬರೀ ತಗಡಿನ್ ಮೇಲೆ. ನನ್ ಸೊಸೆ, ಇದೇನಿದು ಅಂದ್ಲು. ‘ಮಲಗ್ದೋರ್ಗೆ ಏನ್ ಕಾಣ್ತೈತೆ ನೋಡ್ತಿದ್ದೀನಿ’ ಅಂದ. ಅದ್ ಬರ್ದಿದ್ದೀಯಾ? ಇನ್ನೊಂದ್ ಬರಿ. ಕಾಪಿ ಕುಡಿಯಲ್ಲ. ಎಷ್ಟ್ ಕೊಟ್ರೂ ಕುಡಿಯಲ್ಲ. ಭಾಳ ಜಂಬ.”

ಸೊಸೆ ಅಷ್ಟರಲ್ಲಿ ಎರಡು ಲೋಟ ಕಾಫಿ ತಂದಿದ್ದರು. ನಾನು ತೆಗೆದುಕೊಂಡೆ. ಮಂಚದಣ್ಣ ಕೈಯಲ್ಲಿ ಎಣ್ಣೆ ಇದೆ ಎಂದು ತೋರಿಸಿ ಹೊರಟರು. ಎದ್ದು ಕೂತ ತಮ್ಮದೇ ಫೋಟೋ ಹಾಕಬೇಕು, ಎಲ್ಲರೂ ನೋಡಲಿ ಎಂದು ಅಜ್ಜಿ ಹಟ ಹಿಡಿದರು. ರೋಗಿಯ ಚಿತ್ರ ಹಾಕುವುದಿಲ್ಲ ಎಂದೆ. ಗೇಟಿನ ಚಿತ್ರ ಹಾಕಿಯೇ ಇಷ್ಟಾಗಿದೆ. “ನೀನೂ ಜಂಬದೋಳೇ,” ಎಂದರು.

ನಾವು ಹೊರಬಂದಾಗ ಸೇವಂತಿಗೆ ಹಾರವನ್ನು ಬೀದಿಯ ಹಸುವೊಂದರ ಮುಂದೆ ಇಟ್ಟಿದ್ದರು. ಅದು ಮೂಸಿ ನೋಡಿ ಬಿಟ್ಟು ಹೋಯಿತು.

ಅರಕಲಗೂಡಿನ ದಾರಿಯಲ್ಲಿ, ಊರು ದಾಟಿದ ಮೇಲೆ, ಮಂಚದಣ್ಣ ಸೀಟಿನ ಹಿಂದಿನಿಂದ ತಮ್ಮ ಬಾಟಲಿ ತೆಗೆದು ನೀರು ಕುಡಿದರು.

“ಕಾಫಿ ಯಾಕೆ ಕುಡಿಯಲ್ಲ?” ಎಂದೆ. ಇಷ್ಟು ವರ್ಷ ಕೇಳಿರಲಿಲ್ಲ.

ಮುಂದೆ ಹೊಗೆಸೊಪ್ಪಿನ ಮೂಟೆ ಹೇರಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದನ್ನು ದಾಟುವ ಗೋಜಿಗೂ ಅವರು ಹೋಗಲಿಲ್ಲ.

“ಒಂದೊಂದ್ ಮನೇಲಿ ಒಂದೊಂದ್ ಲೋಟ ಸಿಸ್ಟ್ರೇ. ಕೆಲವ್ರು ಎಲ್ರಿಗೂ ಕೊಡೋ ಲೋಟದಲ್ಲೇ ಕೊಡ್ತಾರೆ. ಕೆಲವ್ರು ಒಳಕ್ಕೋಗಿ ಹುಡುಕ್ತಾರೆ. ಹುಡುಕೋ ಸದ್ದು ಕೇಳ್ತೈತಲ್ಲ, ಅದು ಬ್ಯಾಡ ನಂಗೆ. ಎಲ್ಲೂ ಕುಡಿಯಲ್ಲ ಅಂದ್ಬುಟ್ರೆ ಮುಗೀತು. ಒಳ್ಳೇರ್ ಮನೆ, ಕೆಟ್ಟೋರ್ ಮನೆ ಅಂತ ನಾನೂ ನೋಡಂಗಿಲ್ಲ.”

ನಾನು ಅವರ ಕೈಯಿಂದ ಬಾಟಲಿ ತೆಗೆದುಕೊಂಡು ಸೀಟಿನ ಹಿಂದೆ ಇಟ್ಟೆ.

“ಇದ್ನ ಬರೀಬ್ಯಾಡಿ.”

“ಇಲ್ಲ.”

“ಕುಡಿಯಲ್ಲ ಅಂತ ಬೇಕಾರೆ ಬರೀರಿ. ಯಾಕೆ ಅಂತ ಬ್ಯಾಡ.”

ಆ ಮಾತು ಇಲ್ಲಿ ಬಂದಿರುವುದು ಅವರನ್ನು ಕೇಳಿಯೇ. ಪೋಸ್ಟಿನಲ್ಲಿ ಬೇಡ, ನಿಮ್ಮ ನೆನಪಿನ ಬರಹದಲ್ಲಿ ಹೆಸರಿಲ್ಲದೆ ಬೇಕಾದರೆ ಇರಲಿ ಎಂದರು.

ಅರಕಲಗೂಡಿನ ಮನೆಯಲ್ಲಿ ಮಂಚ ವಾಪಸ್ ಕೊಡುತ್ತಿದ್ದವರು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ನಿವೃತ್ತ ಮೇಷ್ಟ್ರು. ಕೋಲೂರಿಕೊಂಡು ತಾವೇ ಬಾಗಿಲಿಗೆ ಬಂದರು. ಕೃತಜ್ಞತೆ ಏನಿಲ್ಲ, ದೂರೇ.

“ನಿಮ್ ಮಂಚ ರಾತ್ರಿಯೆಲ್ಲಾ ಕಿರ್ ಅಂತಿತ್ತು ಕಣ್ರೀ. ಮೂಳೆ ಕೂಡಿದ್ದು ದೇವರ ದಯೆ, ನಿದ್ದೆಗೆಟ್ಟಿದ್ದು ನಿಮ್ಮ ದಯೆ.”

“ಫೋನ್ ಮಾಡುದ್ರೆ ಎಣ್ಣೆ ಬಿಡ್ತಿದ್ನಲ್ಲ ಸಾ,” ಎಂದರು ಮಂಚದಣ್ಣ.

“ನಿನ್ ಫೋನು ಯಾವತ್ತು ಚಾರ್ಜ್ ಇರ್ತಿತ್ತು ಹೇಳು.”

ಅದೂ ನಿಜ. ಮಂಚ ಬಿಚ್ಚಿ ಹೇರಿದೆವು. ಹಾಸಿಗೆ ಸುತ್ತಿ ಹೆಗಲಿಗೇರಿಸಿ ಮಂಚದಣ್ಣ ಗೇಟು ದಾಟುವಾಗ ಎದುರು ಮನೆಯ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡು ಎದ್ದು ನಿಂತರು. ಅಷ್ಟರಲ್ಲಿ ಹಿಂದೆ ಮೇಷ್ಟ್ರು ಕೋಲೂರಿಕೊಂಡು ಬಯ್ಯುತ್ತಾ ಬಂದದ್ದು ಕಂಡು ಮತ್ತೆ ಕೂತರು. ನನಗೆ ನಗಲೂ ಆಯಾಸವಾಗಿತ್ತು. ಆದರೆ ಅಲ್ಲಿ ಒಂದು ಮಾತು ಹೊಳೆಯಿತು. ಮೂಳೆ ಕೂಡಿ ಎದ್ದು ಓಡಾಡುವವರು ಮಂಚ ವಾಪಸ್ ಕೊಡುವುದೂ ನಮಗೆ ದಿನನಿತ್ಯದ್ದೇ. ಅದನ್ನು ಯಾರೂ ನೆನಪಿಡುವುದಿಲ್ಲ, ನಾನೂ ಬರೆದಿರಲಿಲ್ಲ.

ಹಾಸನ ಸೇರಿದಾಗ ಐದು ದಾಟಿತ್ತು. ಯಜಮಾನರು ಕಾಯುತ್ತಾ ಕೂತಿದ್ದರು.

“ಹೊಳೆನರಸೀಪುರದ ಅಜ್ಜಿ ಮಗ ಮತ್ತೆ ಫೋನ್ ಮಾಡಿದ್ರು. ಅಮ್ಮ ಬೇರೆಯವರನ್ನ ಮಂಚ ಮುಟ್ಟೋಕೆ ಬಿಡಲ್ಲ ಅಂತಿದ್ದಾರಂತೆ. ಸಿಟ್ಟೇನೂ ಇಳಿದಿಲ್ಲ ಅವರಿಗೆ.” ಹಣೆ ಉಜ್ಜಿಕೊಂಡರು. “ಆದರೂ ಸಿಸ್ಟರ್, ಎಲ್ಲರ ಮನೇಲೂ ಅಂಥ ಅಜ್ಜಿ ಇರಲ್ಲ. ಒಂದನೇ ತಾರೀಕಿಂದ ಹೇಳಿದ ಹಾಗೇ ಮಾಡೋಣ.”

ಮಂಚದಣ್ಣ ಹೊರಗೆ ಮಂಚದ ಭಾಗಗಳನ್ನು ಇಳಿಸುತ್ತಿದ್ದರು. ಕೇಳಿಸುತ್ತಿತ್ತು, ಕೇಳಿಸದವರಂತೆ ಇದ್ದರು.

ನಾನು ಕುರ್ಚಿ ಎಳೆದುಕೊಂಡು ಕೂತೆ. ದೊಡ್ಡ ಮಾತು ಆಡುವ ಶಕ್ತಿ ಇರಲಿಲ್ಲ. ವಾರ್ಡಿನಲ್ಲಿ ಡಾಕ್ಟರಿಗೆ ವರದಿ ಹೇಳುವಂತೆ ಹೇಳಿದೆ.

“ಇವತ್ತು ಮಂಚದಣ್ಣನನ್ನು ಕಂಡು ಜನ ತಪ್ಪು ತಿಳಿದರು. ಅಜ್ಜಿ ಫೋನು ಎತ್ತಿದ್ದರಿಂದ ಸರಿಹೋಯಿತು. ಕೊಡುವುದು ಹೊಸಬ, ಒಯ್ಯುವುದು ಇವರು ಅಂತ ನೀವು ಮಾಡಿದರೆ, ಇವರು ಬೀದಿಗೆ ಬಂದರು ಅಂದರೆ ಒಂದೇ ಅರ್ಥ. ಆಗ ಜನ ಸರಿಯಾಗಿಯೇ ತಿಳಿಯುತ್ತಾರೆ. ಮೂಳೆ ಕೂಡಿದವರೂ ಇವರಿಗೆ ಗೇಟು ತೆಗೆಯುವುದಿಲ್ಲ, ‘ಆ ಹೊಸಬನ್ನೇ ಕಳಿಸಿ’ ಅನ್ನುತ್ತಾರೆ. ಮಂಚ ಅವರ ಮನೆಯಲ್ಲೇ ಕೂರುತ್ತೆ. ಇವರು ಇಲ್ಲಿ ಕೂರುತ್ತಾರೆ.”

ಯಜಮಾನರು ಕೂಡಲೇ ಒಪ್ಪಲಿಲ್ಲ. ಎದ್ದು ಹೊರಗೆ ನೋಡಿ, ಒಳಗೆ ಬಂದು, ನೀರು ಕುಡಿದರು. ಅವರ ತಂದೆಯೂ ಹೀಗೇ, ತೀರ್ಮಾನಕ್ಕೆ ಮುಂಚೆ ನೀರು.

“ಇಬ್ಬರೂ ಎರಡೂ ಕೆಲಸ ಮಾಡ್ಲಿ ಅಂತೀರಾ.”

“ಹೌದು. ಹೊಸಬ ಮೊದಲು ಇವರ ಜೊತೆ ಹೋಗಲಿ.”

“ಮೂರು ತಿಂಗಳು ನೋಡ್ತೀನಿ. ಮತ್ತೆ ಗಿರಾಕಿ ಬಿಟ್ರೆ ನನ್ನನ್ನ ಕೇಳ್ಬೇಡಿ.” ಬಾಗಿಲಿಗೆ ಬಂದು ಕೂಗಿದರು. “ಅಣ್ಣಾ, ಕೇಳಿಸ್ತಾ?”

“ಅವ್ನಿಗೆ ಗಾಡಿ ಓಡ್ಸಕೆ ಬತ್ತದಾ ಸಾ?” ಎಂದು ಹೊರಗಿನಿಂದ ಪ್ರಶ್ನೆ ಬಂತು. ಒಪ್ಪಿಗೆ ಎಂದರೆ ಅದೇ.

ಗಿರಾಕಿಗಳಿಗೆ ಉತ್ತರ ಕೊಡಬೇಕಿತ್ತು, ಪೋಸ್ಟನ್ನು ಅಂದೇ ಮತ್ತೆ ಹಾಕಬೇಕಿತ್ತು. ಈ ಸಲ ಗಡಿಬಿಡಿ ಮಾಡಲಿಲ್ಲ. ಬರೆದದ್ದು ಇಷ್ಟು:

“ಬೆಳಿಗ್ಗೆ ನಾವು ಹಾಕಿದ್ದ ಚಿತ್ರದಿಂದ ಒಂದು ಮನೆಯವರಿಗೆ ತುಂಬ ನೋವಾಯಿತು. ಆ ಮನೆಯ ಹಿರಿಯರು ಕ್ಷೇಮವಾಗಿದ್ದಾರೆ. ತಪ್ಪು ನಮ್ಮದು, ಕ್ಷಮಿಸಿ.

ಚಿತ್ರದಲ್ಲಿದ್ದವರು ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಇರುವವರು. ನೀವು ಇವರನ್ನು ಮಂಚದಣ್ಣ ಎನ್ನುತ್ತೀರಿ. ಇವರು ಬಂದರೆ ಹೆದರಬೇಡಿ. ಮಂಚ ತಂದು ಜೋಡಿಸಲು, ಕಿರುಗುಟ್ಟಿದರೆ ಎಣ್ಣೆ ಬಿಡಲು, ಹಾಸಿಗೆ ಬದಲಿಸಲು, ರೋಗಿ ಎದ್ದು ಓಡಾಡಿದ ಮೇಲೆ ಮಂಚ ಒಯ್ಯಲು ಇವರೇ ಬರುತ್ತಾರೆ. ಮನೆಯಲ್ಲಿ ಸಾವಾದಾಗಲೂ ಇವರೇ ಬರುತ್ತಾರೆ. ಆಗ ನೀವು ಕರೆಯುವವರೆಗೆ ಗೇಟಿನ ಹೊರಗೆ ನಿಲ್ಲುತ್ತಾರೆ.

ಮಂಚ ಜೋಡಿಸಿದ ಮೇಲೆ ಮೊದಲು ಬರಿ ತಗಡಿನ ಮೇಲೆ ತಾವೇ ಮಲಗಿ ನೋಡುತ್ತಾರೆ. ಮಲಗಿದವರಿಗೆ ಬರೀ ಗೋಡೆ ಕಂಡರೆ ಮಂಚ ತಿರುಗಿಸುತ್ತಾರೆ. ದಯವಿಟ್ಟು ತಿರುಗಿಸಲು ಬಿಡಿ. ಹಾಸಿಗೆ ಮೇಲೆ ಹಾಸಿದ ಸೀರೆಯನ್ನು ಕಟ್ಟದಿದ್ದರೆ ಗದರುತ್ತಾರೆ. ನಗುವುದು ಕಡಿಮೆ. ಗಾಡಿ ನಿಧಾನ. ಇವರ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ, ಅಂಗಡಿಗೆ ಫೋನು ಮಾಡಿ. ಯಾರ ಮನೆಯಲ್ಲೂ ಕಾಫಿ ಕುಡಿಯುವುದಿಲ್ಲ, ಒತ್ತಾಯ ಬೇಡ.”

ಅಂಗಡಿಯ ಬಾಗಿಲಲ್ಲಿ ಅವರನ್ನು ನಿಲ್ಲಿಸಿ ಒಂದು ಚಿತ್ರ ತೆಗೆದೆವು. ಹಿಂದೆ ನಮ್ಮದೇ ರೋಲಿಂಗ್ ಶಟರ್, ಬೇರೆ ಯಾರ ಗೇಟೂ ಇಲ್ಲ. ಸ್ವಲ್ಪ ನಗಿ ಅಣ್ಣಾ ಎಂದು ಯಜಮಾನರು ಹೇಳಿದರು. ನಗಲಿಲ್ಲ. ಬರೆದದ್ದನ್ನು ಓದಿ ಹೇಳಿದೆ.

“ಚಾರ್ಜಿಂದು ತೆಗೀರಿ,” ಎಂದರು.

“ಅದು ನಿಜ ಅಲ್ವಾ?”

“ನಿಜ. ಹೊಸ ಚಾರ್ಜರ್ ತಗಂತೀನಿ. ತೆಗೀರಿ.”

ತೆಗೆದೆ. ಸಾವಾದಾಗಲೂ ಇವರೇ ಬರುತ್ತಾರೆ ಎನ್ನುವ ಸಾಲು ಬೇಡವೇನೋ ಎಂದು ಯಜಮಾನರು ಅನುಮಾನಿಸಿದರು. ಮಂಚದಣ್ಣ ಬೇಕು ಎಂದರು. “ಅದ್ ಬಿಟ್ರೆ ಮಿಕ್ಕಿದ್ದೂ ನಂಬಲ್ಲ ಸಾ ಜನ.”

ಆರೂ ನಲವತ್ತಕ್ಕೆ ಪೋಸ್ಟು ಹೋಯಿತು. ಅರಕಲಗೂಡಿನ ಮಂಚ ಇನ್ನೂ ಬಾಕಿ ಇತ್ತು. ಮಂಚದಣ್ಣ ಔಷಧಿ ನೀರಿನಲ್ಲಿ ಬಟ್ಟೆ ಅದ್ದಿ ಕಾಲು, ಕಂಬಿ, ತಗಡು ಒಂದೊಂದಾಗಿ ಒರೆಸಿದರು. ನಾನು ಕೀಲುಗಳ ಸಂದಿಯಲ್ಲಿ ಬೆರಳಿಟ್ಟು ನೋಡಿದೆ. ಕಿರುಗುಟ್ಟುತ್ತಿದ್ದ ಕೀಲಿಗೆ ಎಣ್ಣೆ ಬಿಟ್ಟು, ಮಂಚವನ್ನು ಗೋಡೆಗೆ ಒರಗಿಸಿ ಒಣಗಲು ಇಟ್ಟೆವು.